ಮೆಟ್ಟಿಲ ಲೈಟಿನ ಅರ್ಧ ಮುಷ್ಕರ

ಮೆಟ್ಟಿಲ ಲೈಟು ಪೂರ್ತಿ ಕೆಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ಟೂಲ್ ಹಾಕಿಕೊಂಡು ಬಲ್ಬ್ ಬದಲಿಸುತ್ತಾರೆ, ಆಗಲೂ ಹತ್ತದಿದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಾರೆ. ಅರ್ಧ ಕೆಟ್ಟಾಗಲೇ ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದು. ಹಾಲ್‌ನಲ್ಲಿರುವ ಸ್ವಿಚ್ ಒತ್ತಿದರೆ ಲೈಟು ಒಮ್ಮೆ ಹತ್ತುತ್ತದೆ, ಇನ್ನೊಮ್ಮೆ ಎಷ್ಟು ಟಕಟಕ ಅನ್ನಿಸಿದರೂ ಹತ್ತುವುದಿಲ್ಲ. ನಾಲ್ಕು ದಿನದಲ್ಲಿ ಮನೆಯವರು ಅದರ ಗುಟ್ಟು ಕಂಡುಕೊಳ್ಳುತ್ತಾರೆ: ಮಹಡಿಯ ಸ್ವಿಚ್ ಕೆಳಕ್ಕೆ ಒತ್ತಿಕೊಂಡಿದ್ದರೆ ಮಾತ್ರ ಹಾಲ್‌ನ ಸ್ವಿಚ್ ಮಾತು ಕೇಳುತ್ತದೆ. ಅಲ್ಲಿಂದ ಮುಂದೆ ಮಹಡಿಯ ಸ್ವಿಚ್ಚಿನ ಮೇಲೆ ಸೆಲ್ಲೋಟೇಪ್ ಅಂಟುತ್ತದೆ, ‘ಇದನ್ನು ಯಾರೂ ಮುಟ್ಟಬೇಡಿ’ ಎಂಬ ಅಪ್ಪಣೆ ಹೊರಡುತ್ತದೆ. ಎರಡು ಕಡೆಯಿಂದ ಹಾಕಿ ಆರಿಸುವುದಕ್ಕೆಂದೇ ದುಡ್ಡು ಕೊಟ್ಟು ಮಾಡಿಸಿದ ವೈರಿಂಗ್ ಹೀಗೆ ವರ್ಷಗಟ್ಟಲೆ ಒಂದೇ ಸ್ವಿಚ್ಚಿನಲ್ಲಿ ನಡೆಯುವ ಮನೆಗಳು ಬೇಕಾದಷ್ಟಿವೆ.

ಇದು ಸ್ವಿಚ್ಚಿನ ಹುಚ್ಚಾಟವೇನೂ ಅಲ್ಲ. ಯಾವ ವೈರು ಎಲ್ಲಿ ಕೈಕೊಟ್ಟಿರಬಹುದು ಎಂಬುದನ್ನು ಲೈಟೇ ಸುಮಾರಾಗಿ ಹೇಳುತ್ತಿರುತ್ತದೆ. ಅದನ್ನು ಓದಲು ಒಳಗಿನ ಜೋಡಣೆ ಹೇಗಿದೆಯೆಂದು ತಿಳಿದಿದ್ದರೆ ಸಾಕು.

ಮಾಮೂಲಿ ಸ್ವಿಚ್ಚಿನ ಹಿಂದೆ ಎರಡು ಸ್ಕ್ರೂ ಇರುತ್ತವೆ. ಟೂ ವೇ ಸ್ವಿಚ್ಚಿನ ಹಿಂದೆ ಮೂರು. ಮುಂದಿನಿಂದ ನೋಡಿದರೆ ಎರಡಕ್ಕೂ ಏನೇನೂ ವ್ಯತ್ಯಾಸ ಕಾಣದು. ಈ ಸಂಗತಿ ಮುಂದೆ ನಮಗೆ ಬೇಕಾಗುತ್ತದೆ. ಮೂರರಲ್ಲಿ ಒಂದು ಕಾಮನ್. ಸ್ವಿಚ್ಚನ್ನು ಕೆಳಕ್ಕೆ ಒತ್ತಿದರೆ ಕಾಮನ್ ಒಂದು ಪಕ್ಕದ ಸ್ಕ್ರೂಗೆ ಕೂಡಿಕೊಳ್ಳುತ್ತದೆ, ಮೇಲಕ್ಕೆ ಒತ್ತಿದರೆ ಅದನ್ನು ಬಿಟ್ಟು ಇನ್ನೊಂದಕ್ಕೆ ಕೂಡಿಕೊಳ್ಳುತ್ತದೆ. ಅಂದರೆ ಟೂ ವೇ ಸ್ವಿಚ್ಚಿಗೆ ಆನ್, ಆಫ್ ಎಂಬುದೇ ಇಲ್ಲ. ಅದು ಎಂದೂ ಆಫ್ ಆಗುವುದಿಲ್ಲ, ದಾರಿ ಬದಲಿಸುತ್ತದೆ ಅಷ್ಟೆ. ಕೆಳಕ್ಕೆ ಒತ್ತಿದರೆ ಆನ್ ಎಂದು ನಮ್ಮ ಕೈಗೆ ರೂಢಿಯಾಗಿರುವುದರಿಂದ ಇದು ಸ್ವಲ್ಪ ತಡವಾಗಿ ತಲೆಗೆ ಇಳಿಯುತ್ತದೆ.

ಈಗ ಹಾಲ್‌ನ ಸ್ವಿಚ್ಚಿನ ಕಾಮನ್‌ಗೆ ಫೇಸ್ ಬರುತ್ತದೆ. ಮಹಡಿಯ ಸ್ವಿಚ್ಚಿನ ಕಾಮನ್‌ನಿಂದ ಬಲ್ಬಿನ ಹೋಲ್ಡರ್‌ಗೆ ವೈರು ಹೋಗುತ್ತದೆ. ನ್ಯೂಟ್ರಲ್ ಬೇರೆ ದಾರಿಯಲ್ಲಿ ನೇರವಾಗಿ ಹೋಲ್ಡರ್ ತಲುಪುತ್ತದೆ. ಎರಡು ಸ್ವಿಚ್ಚುಗಳ ಪಕ್ಕದ ಸ್ಕ್ರೂಗಳ ನಡುವೆ, ಮೆಟ್ಟಿಲ ಗೋಡೆಯೊಳಗಿನ ಪೈಪಿನಲ್ಲಿ, ಎರಡು ವೈರು ಓಡುತ್ತವೆ. ಇವೇ ಟ್ರಾವೆಲರ್ ವೈರುಗಳು. ಎರಡು ಸ್ಟೇಷನ್ ನಡುವಿನ ಜೋಡಿ ಹಳಿಯ ಹಾಗೆ ಎಂದುಕೊಳ್ಳಿ: ಈ ತುದಿಯ ಪಾಯಿಂಟು ಯಾವ ಹಳಿಗೆ ತಿರುಗಿದೆಯೋ ಆ ತುದಿಯ ಪಾಯಿಂಟೂ ಅದೇ ಹಳಿಗೆ ತಿರುಗಿದ್ದರೆ ಗಾಡಿ ದಾಟುತ್ತದೆ, ಇಲ್ಲದಿದ್ದರೆ ಇಲ್ಲ. ಯಾವ ತುದಿಯಲ್ಲಿ ನಿಂತು ಸ್ವಿಚ್ ಬದಲಿಸಿದರೂ ಹತ್ತಿದ್ದ ಲೈಟು ಆರುವುದು, ಆರಿದ್ದದ್ದು ಹತ್ತುವುದು ಇದರಿಂದಲೇ.

ಎರಡು ಸ್ವಿಚ್, ಒಂದೊಂದಕ್ಕೆ ಎರಡು ನಿಲುವು. ಒಟ್ಟು ನಾಲ್ಕು ಬಗೆಯ ಜೋಡಿ. ಎಲ್ಲವೂ ಸರಿಯಿರುವ ಮನೆಯಲ್ಲಿ ಈ ನಾಲ್ಕರಲ್ಲಿ ಎರಡರಲ್ಲಿ ಲೈಟು ಹತ್ತಬೇಕು, ಎರಡರಲ್ಲಿ ಆರಿರಬೇಕು. ದೋಷ ಹುಡುಕುವ ಮೊದಲ ಹೆಜ್ಜೆ ಇದೇ: ಬೋರ್ಡ್ ಬಿಚ್ಚುವುದಕ್ಕೆ ಮುಂಚೆ ನಾಲ್ಕೂ ಜೋಡಿಯನ್ನು ಒತ್ತಿ ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು. ಒಬ್ಬರು ಹಾಲ್‌ನಲ್ಲಿ, ಒಬ್ಬರು ಮಹಡಿಯಲ್ಲಿ ನಿಂತರೆ ಒಂದು ನಿಮಿಷದ ಕೆಲಸ. ಸ್ಕ್ರೂಡ್ರೈವರ್ ಬೇಡ, ಅಪಾಯವೂ ಇಲ್ಲ, ಮನೆಯವರೇ ಮಾಡಬಹುದು. ಆದರೂ ಹೆಚ್ಚಿನವರು ಇದನ್ನು ಮಾಡುವುದಿಲ್ಲ. ‘ಒಂದೊಂದ್ಸಲ ಬರುತ್ತೆ, ಒಂದೊಂದ್ಸಲ ಬರಲ್ಲ’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ನಾಲ್ಕರಲ್ಲಿ ಒಂದರಲ್ಲೂ ಹತ್ತದಿದ್ದರೆ ಬಲ್ಬು, ಹೋಲ್ಡರ್, ನ್ಯೂಟ್ರಲ್ ಅಥವಾ ಫೇಸ್ ಕಡೆಯ ತೊಂದರೆ ಇರುವ ಸಂಭವ ಹೆಚ್ಚು. ಟ್ರಾವೆಲರ್ ಮೇಲೆ ಮೊದಲ ಅನುಮಾನ ಬೇಡ. ನಾಲ್ಕರಲ್ಲೂ ಹತ್ತಿಯೇ ಇದ್ದರೆ ಎರಡು ಟ್ರಾವೆಲರ್‌ಗಳು ಎಲ್ಲೋ ಒಂದಕ್ಕೊಂದು ತಾಗಿರಬಹುದು. ಫೋಟೋ ತೂಗುಹಾಕಲು ಹೊಡೆದ ಮೊಳೆ ಎರಡನ್ನೂ ಚುಚ್ಚಿಕೊಂಡು ಹೋದಾಗ ಹೀಗಾಗುವುದುಂಟು. ಮೂರರಲ್ಲಿ ಹತ್ತಿ ಒಂದರಲ್ಲಿ ಮಾತ್ರ ಆರಿದರೆ ಒಂದು ಟ್ರಾವೆಲರ್‌ಗೆ ಫೇಸ್ ವೈರೋ ಬಲ್ಬಿನ ವೈರೋ ನೇರವಾಗಿ ತಾಗಿಕೊಂಡಿರಬೇಕು, ಇದು ಅಪರೂಪ. ನಮ್ಮ ಸೆಲ್ಲೋಟೇಪ್ ಮನೆಗಳದು ಉಳಿದದ್ದು: ನಾಲ್ಕರಲ್ಲಿ ಒಂದೇ ಒಂದರಲ್ಲಿ ಹತ್ತುವುದು. ಅತಿ ಹೆಚ್ಚು ಸಿಗುವುದೂ ಇದೇ, ಅತಿ ಹೆಚ್ಚು ದಾರಿ ತಪ್ಪಿಸುವುದೂ ಇದೇ.

ದಾರಿ ತಪ್ಪಿಸುವುದು ಯಾಕೆಂದರೆ ಈ ಒಂದೇ ಲಕ್ಷಣ ಬೇರೆ ಬೇರೆ ಕಾರಣಕ್ಕೆ ಬರುತ್ತದೆ. ಒಂದು ಟ್ರಾವೆಲರ್ ಕಡಿದುಹೋಗಿದ್ದರೆ ಆ ಹಳಿಯ ಸಂಚಾರವೇ ಬಂದ್. ಉಳಿದ ಒಂದರ ಮೇಲೆ ಎರಡೂ ಸ್ವಿಚ್ ನಿಂತಾಗ ಮಾತ್ರ ಲೈಟು. ಸ್ವಿಚ್ಚಿನೊಳಗಿನ ಒಂದು ಬದಿಯ ಕಾಂಟ್ಯಾಕ್ಟ್ ಸುಟ್ಟಿದ್ದರೂ ಫಲ ಅದೇ. ಟೂ ವೇ ಇದ್ದ ಜಾಗಕ್ಕೆ ಯಾರೋ ಮಾಮೂಲಿ ಸ್ವಿಚ್ ತಂದು ಕೂರಿಸಿದರೂ ಅದೇ: ಮೂರು ವೈರು, ಎರಡೇ ಸ್ಕ್ರೂ, ಉಳಿದ ವೈರಿಗೆ ಟೇಪ್ ಸುತ್ತಿ ಒಳಗೆ ತಳ್ಳಿರುತ್ತಾರೆ. ಮುಂದಿನಿಂದ ಎರಡೂ ಒಂದೇ ಥರ ಕಾಣುವುದರಿಂದ ಅಂಗಡಿಯಲ್ಲೇ ಎಡವಟ್ಟಾಗಿರುತ್ತದೆ.

ನಾಲ್ಕನೆಯ ಕಾರಣ ತುಸು ವಿಚಿತ್ರ. ಸ್ವಿಚ್ ಬದಲಿಸುವಾಗ ಕಾಮನ್‌ನಲ್ಲಿರಬೇಕಾದ ವೈರು ಪಕ್ಕಕ್ಕೂ, ಪಕ್ಕದಲ್ಲಿರಬೇಕಾದ ಟ್ರಾವೆಲರ್ ಕಾಮನ್‌ಗೂ ಹೋಗಿಬಿಡುವುದು. ಮಹಡಿಯ ಸ್ವಿಚ್ಚಿನಲ್ಲಿ ಹೀಗಾಗಿದೆ ಎನ್ನಿ. ಒಂದು ನಿಲುವಿನಲ್ಲಿ ಟ್ರಾವೆಲರ್ ಒಂದು ಬಲ್ಬಿನ ವೈರಿಗೆ ಕೂಡುತ್ತದೆ. ಹಾಲ್‌ನ ಸ್ವಿಚ್ ಆ ಟ್ರಾವೆಲರ್‌ಗೆ ಫೇಸ್ ಕೊಟ್ಟಿದ್ದರೆ ಲೈಟು ಹತ್ತುತ್ತದೆ. ಇನ್ನೊಂದು ನಿಲುವಿನಲ್ಲಿ ಎರಡು ಟ್ರಾವೆಲರ್‌ಗಳೇ ಪರಸ್ಪರ ಕೂಡಿಕೊಳ್ಳುತ್ತವೆ, ಬಲ್ಬಿನ ವೈರು ಅನಾಥವಾಗಿ ನಿಲ್ಲುತ್ತದೆ. ಲೆಕ್ಕ ಹಾಕಿದರೆ ಇಲ್ಲೂ ನಾಲ್ಕರಲ್ಲಿ ಒಂದೇ. ವೈರು ಒಂದೂ ಕಡಿದಿಲ್ಲ, ಸ್ವಿಚ್ ಹೊಸದು, ಆದರೂ ಲೈಟು ಅರ್ಧ ಮುಷ್ಕರ ಹೂಡಿದೆ. ಚೀಟಿಯಲ್ಲಿ ಬರೆದದ್ದನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ನಾಲ್ಕು ಕಾರಣಗಳಲ್ಲಿ ಯಾವುದು ಎಂದು ಹೇಳಲಾಗದು. ಒಂದು ಮಾತು ಮಾತ್ರ ನೆನಪಿರಲಿ: ಎರಡು ಟ್ರಾವೆಲರ್‌ಗಳು ತಮ್ಮತಮ್ಮಲ್ಲೇ ಅದಲುಬದಲಾದರೆ ಏನೂ ಕೆಡುವುದಿಲ್ಲ. ಲೈಟು ಹತ್ತುವ ಜೋಡಿಗಳು ಬದಲಾಗುತ್ತವೆ, ಅಷ್ಟೆ. ಕಾಮನ್ ತಪ್ಪಿದರೆ ಮಾತ್ರ ಕೆಡುವುದು.

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಈ ಹುಡುಕಾಟವನ್ನು ಮೊದಲಿಂದ ಕೊನೆಯವರೆಗೂ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಎರಡು ಅಂತಸ್ತಿನ ಮನೆ. ಪೇಂಟಿಂಗ್ ಮಾಡಿಸಿದ್ದರು, ಆ ಸಡಗರದಲ್ಲಿ ಮಹಡಿಯ ಬೋರ್ಡಿಗೆ ಹೊಸ ಸ್ವಿಚ್ಚುಗಳನ್ನೂ ಹಾಕಿಸಿದ್ದರು. ಆಮೇಲೆ ಈ ತೊಂದರೆ. ಬಂದ ಎಲೆಕ್ಟ್ರಿಷಿಯನ್ ಹುಡುಗ ಮೊದಲು ಕೇಳಿದ್ದು, “ಸಾರ್, ಇತ್ತೀಚೆಗೆ ಯಾರಾದ್ರೂ ಸ್ವಿಚ್ ಮುಟ್ಟಿದ್ರಾ?” ಎಂದು. ಈ ಪ್ರಶ್ನೆಗೆ ಮೀಟರಿನಷ್ಟೇ ಬೆಲೆ ಇದೆ. ಹೌದು ಎಂದರೆ ಕಾಮನ್ ತಪ್ಪಿರುವ ಇಲ್ಲವೇ ಮಾಮೂಲಿ ಸ್ವಿಚ್ ಕೂತಿರುವ ಸಾಧ್ಯತೆ ಮುಂದೆ ಬರುತ್ತದೆ. ಇಲ್ಲ ಎಂದರೆ ಸಡಿಲ ಜಾಯಿಂಟ್, ಸುಟ್ಟ ಕಾಂಟ್ಯಾಕ್ಟ್ ಕಡೆ ಮನಸ್ಸು ಹೋಗಬೇಕು.

ಇಲ್ಲಿ ಉತ್ತರ ಹೌದು ಎಂದಿತ್ತು. ಹುಡುಗ ಮೇನ್ ಸ್ವಿಚ್ಚನ್ನೇ ಆರಿಸಿದ. ಮೆಟ್ಟಿಲ ಲೈಟಿನ ಎಂಸಿಬಿ ಒಂದನ್ನೇ ಇಳಿಸಿದರೆ ಸಾಲದೇ ಎಂದು ಮೇಷ್ಟ್ರು ಕೇಳಿದರು. ಸಾಲದು. ಮಹಡಿಯ ಬೋರ್ಡಿನಲ್ಲಿ ಮೆಟ್ಟಿಲ ಲೈಟಿನ ವೈರಿನ ಜೊತೆಗೆ ಆ ಅಂತಸ್ತಿನ ಇನ್ನೊಂದು ಲೈನೂ ಇರುತ್ತದೆ, ಅದು ಬೇರೆ ಎಂಸಿಬಿಯಿಂದ ಬಂದಿರುತ್ತದೆ. ಕೆಳಗಿಂದ ಒಂದು, ಮೇಲಿಂದ ಒಂದು, ಎರಡು ಫೇಸ್ ಒಂದೇ ಡಬ್ಬಿಯೊಳಗೆ ಸೇರುವ ಜಾಗ ಇದು. ಮೇನ್ ಆರಿಸಿದ ಮೇಲೂ ಅವನು ವೈರುಗಳನ್ನು ಟೆಸ್ಟರಿನಿಂದ ಮುಟ್ಟಿ ನೋಡಿಯೇ ಕೈಹಾಕಿದ. ಅದಕ್ಕೂ ಮೊದಲು, ಕರೆಂಟ್ ಇದ್ದಾಗಲೇ, ಒಂದು ಪ್ಲಗ್ ಪಾಯಿಂಟಿನಲ್ಲಿ ಟೆಸ್ಟರ್ ಉರಿಯುತ್ತದೆಯೇ ಎಂದು ಖಾತ್ರಿ ಮಾಡಿಕೊಂಡಿದ್ದ. ಕೆಟ್ಟ ಟೆಸ್ಟರ್ ಎಲ್ಲ ವೈರಿಗೂ ‘ಕರೆಂಟ್ ಇಲ್ಲ’ ಎಂದೇ ಹೇಳುತ್ತದೆ.

ಮಹಡಿಯ ಸ್ವಿಚ್ ಹೊರಬಂತು. ಹಿಂದೆ ಮೂರು ಸ್ಕ್ರೂ ಇದ್ದವು, ಹಾಗಾಗಿ ಟೂ ವೇ ಸ್ವಿಚ್ಚೇ. ನಡುವಿನ ಸ್ಕ್ರೂಗೆ ಕೆಂಪು, ಆಚೀಚೆ ಹಳದಿ ಮತ್ತು ನೀಲಿ. ಸಾಮಾನ್ಯವಾಗಿ ನಡುವಿನದೇ ಕಾಮನ್, ಆದರೆ ಎಲ್ಲ ಕಂಪನಿಯವರೂ ಹಾಗೇ ಮಾಡಿರುತ್ತಾರೆಂಬ ಭರವಸೆ ಇಲ್ಲ. ಹುಡುಗ ಮೂರೂ ವೈರು ಬಿಚ್ಚಿ, ಮಲ್ಟಿಮೀಟರನ್ನು ಬೀಪ್ ಮಾಡುವ ಕಡೆಗೆ ತಿರುಗಿಸಿ ಸ್ವಿಚ್ಚನ್ನು ಪರೀಕ್ಷೆ ಮಾಡಿದ. ಇದರ ಸೂತ್ರ ಬಹಳ ಸರಳ. ಮೂರು ಸ್ಕ್ರೂಗಳಲ್ಲಿ ಯಾವ ಎರಡನ್ನು ಹಿಡಿದರೆ ಸ್ವಿಚ್ಚನ್ನು ಹೇಗೆ ಒತ್ತಿದರೂ ಬೀಪ್ ಬರುವುದಿಲ್ಲವೋ ಅವೆರಡು ಟ್ರಾವೆಲರ್‌ನವು. ಉಳಿದ ಒಂದು ಕಾಮನ್. ಕಾಮನ್‌ನಿಂದ ಎರಡೂ ಕಡೆಗೆ, ಒಂದೊಂದು ನಿಲುವಿನಲ್ಲಿ, ಗಟ್ಟಿಯಾದ ಬೀಪ್ ಬರಬೇಕು. ಬಂತು. ಸ್ವಿಚ್ ನಿರಪರಾಧಿ.

ಹಾಗಾದರೆ ಕೆಂಪು ವೈರು ನಿಜವಾಗಿಯೂ ಬಲ್ಬಿನದೇ? ಬಣ್ಣದ ಮಾತು ನಂಬುವಂತಿಲ್ಲ. ವೈರಿಂಗ್ ಕಾಲಕ್ಕೆ ಕೈಯಲ್ಲಿ ಯಾವ ಬಣ್ಣದ ಸುರುಳಿ ಉಳಿದಿರುತ್ತದೋ ಅದೇ ಪೈಪಿಗೆ ಹೋಗುವುದು ನಮ್ಮಲ್ಲಿ ಮಾಮೂಲು. ಬಲ್ಬ್ ಕಳಚಿ, ಮೀಟರಿನ ಒಂದು ಕಡ್ಡಿಗೆ ಉದ್ದದ ಬಿಡಿ ವೈರು ಕಟ್ಟಿ ಹೋಲ್ಡರ್‌ವರೆಗೆ ಎಳೆದು ನೋಡಿದ್ದಾಯಿತು. ಕೆಂಪು ವೈರು ಹೋಲ್ಡರಿಗೇ ಹೋಗುತ್ತಿತ್ತು. ಕಾಮನ್ ತಪ್ಪಿರಲಿಲ್ಲ. ‘ಸ್ವಿಚ್ ಬದಲಿಸಿದವರ ಎಡವಟ್ಟು’ ಎಂಬ ತೀರ್ಪು ಮೇಷ್ಟ್ರ ಬಾಯಿಂದ ಆಗಲೇ ಬಂದಿತ್ತು, ಅವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಪೂರ್ತಿಯಾಗಿ ಅಲ್ಲ ಎಂಬುದು ಆಮೇಲೆ ತಿಳಿಯಿತು.

ಈಗ ಉಳಿದದ್ದು ಹಳದಿ, ನೀಲಿ. ಎಷ್ಟೋ ಕಡೆ ಕೆಲಸ ಹಾಳಾಗುವುದು ಈ ಹಂತದಲ್ಲಿ. ಹುಡುಗ ಮೂರೂ ವೈರಿನ ತುದಿಗಳನ್ನು ಒಂದಕ್ಕೊಂದು ತಾಗದಂತೆ ದೂರ ದೂರ ಬಾಗಿಸಿ, ಎಲ್ಲರನ್ನೂ ಹಿಂದೆ ಸರಿಸಿ, ಕರೆಂಟ್ ಹಾಕಿ ಬಂದ. ಟೆಸ್ಟರಿನಿಂದ ಹಳದಿ ಮುಟ್ಟಿದ, ಉರಿಯಿತು. ನೀಲಿ ಮುಟ್ಟಿದ, ಅದರಲ್ಲೂ ಉರಿಯಿತು, ಕೊಂಚ ಮಂಕಾಗಿ. ಅವಸರದವನಾಗಿದ್ದರೆ ‘ಎರಡಕ್ಕೂ ಫೇಸ್ ಬರ್ತಿದೆ, ವೈರ್ ಸರಿಯಿದೆ, ಸ್ವಿಚ್ಚೇ ಡೂಪ್ಲಿಕೇಟ್’ ಎಂದು ಇನ್ನೊಂದು ಸ್ವಿಚ್ ತರಲು ಅಂಗಡಿಗೆ ಹೊರಟಿರುತ್ತಿದ್ದ.

ಟೆಸ್ಟರ್ ಸುಳ್ಳು ಹೇಳುತ್ತದೆಯೇ? ಹೇಳುವುದಿಲ್ಲ, ಆದರೆ ನಾವು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಿರುವುದಿಲ್ಲ. ಅದರೊಳಗಿರುವುದು ಪುಟ್ಟ ನಿಯಾನ್ ದೀಪ, ಅದರ ಜೊತೆ ದೊಡ್ಡದೊಂದು ರೆಸಿಸ್ಟರ್. ಮುಟ್ಟಿದವರ ಮೈಮೂಲಕ ಹರಿಯುವ ಕರೆಂಟು ಒಂದು ಮಿಲಿಆಂಪಿಯರ್‌ಗಿಂತ ಎಷ್ಟೋ ಕಡಿಮೆ ಇರಲಿ ಎಂದೇ ಹಾಗೆ ಮಾಡಿರುವುದು. ಅಷ್ಟು ಅಲ್ಪ ಕರೆಂಟಿಗೆ ಉರಿಯುವ ದೀಪಕ್ಕೆ ನಿಜವಾದ ಫೇಸ್ ಬೇಕೆಂದೇನಿಲ್ಲ. ಒಂದೇ ಪೈಪಿನಲ್ಲಿ ಎರಡು ವೈರು ಮೀಟರುಗಟ್ಟಲೆ ಅಂಟಿಕೊಂಡು ಓಡುವಾಗ, ಒಂದರಲ್ಲಿ 230 ವೋಲ್ಟ್ ಇದ್ದರೆ ಎಲ್ಲೂ ಕೂಡದೆ ಬಿದ್ದಿರುವ ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನು ದಾಟಿಯೇ ಒಂದಿಷ್ಟು ವೋಲ್ಟೇಜ್ ಕಾಣಿಸಿಕೊಳ್ಳುತ್ತದೆ. ಎರಡು ತಂತಿ, ನಡುವೆ ಪ್ಲಾಸ್ಟಿಕ್. ಅದೊಂದು ಕೆಪಾಸಿಟರ್ ಆಗಿಬಿಟ್ಟಿರುತ್ತದೆ. ಡಿಜಿಟಲ್ ಮಲ್ಟಿಮೀಟರ್ ಕೂಡ ವೈರಿನಿಂದ ಏನೂ ಎಳೆಯದೆ ಓದುವ ಯಂತ್ರವಾದ್ದರಿಂದ ಇಂಥ ವೈರಿನಲ್ಲಿ ನೂರರ ಆಸುಪಾಸು ವೋಲ್ಟ್ ತೋರಿಸಿ ಗಲಿಬಿಲಿ ಮಾಡಬಲ್ಲದು. ಈ ವೋಲ್ಟೇಜಿಗೆ ತಾಕತ್ತಿಲ್ಲ, ಒಂದು ಬಲ್ಬ್ ಹಾಕಿದೊಡನೆ ಕುಸಿದುಹೋಗುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಲವರ ಮನೆಯ ಮೆಟ್ಟಿಲ ಎಲ್‌ಇಡಿ ಬಲ್ಬ್ ಕತ್ತಲಲ್ಲಿ ಮಿಣುಕುತ್ತಿರುತ್ತದಲ್ಲ, ಅದರ ಹಿಂದಿರುವುದು ಬಹುಪಾಲು ಇದೇ ಸಂಗತಿ. ಟೂ ವೇ ವೈರಿಂಗಿನಲ್ಲಿ ಲೈಟು ಆರಿದಾಗ ಬಲ್ಬು ಖಾಲಿ ಟ್ರಾವೆಲರ್‌ಗೆ ಕೂಡಿಕೊಂಡಿರುತ್ತದೆ, ಅದರ ಮಗ್ಗುಲಲ್ಲೇ ಫೇಸ್ ತುಂಬಿದ ಟ್ರಾವೆಲರ್ ಮಲಗಿರುತ್ತದೆ.

ಆ ಹುಡುಗ ಇದನ್ನು ಪುಸ್ತಕದಲ್ಲಿ ಓದಿರಲಿಲ್ಲವೇನೋ, ಆದರೆ ಕೈಗೆ ಗೊತ್ತಿತ್ತು. “ಸಾರ್, ಕೆಳಗಿನ ಸ್ವಿಚ್ ಬದಲಾಯ್ಸಿ ಬದಲಾಯ್ಸಿ ಒತ್ತಿ” ಎಂದು ಮಹಡಿಯಿಂದ ಕೂಗಿದ. ಹಳದಿಯಲ್ಲಿ ಟೆಸ್ಟರಿನ ಬೆಳಕು ಹಾಲ್‌ನ ಸ್ವಿಚ್ಚಿನ ಜೊತೆಗೇ ಏರುತ್ತಿತ್ತು, ಇಳಿಯುತ್ತಿತ್ತು. ನೀಲಿಯ ಮಂಕು ಬೆಳಕಿಗೆ ಅದರ ಪರಿವೆಯೇ ಇರಲಿಲ್ಲ. ಮೇಲಿನ ರೂಮಿನ ಫೇಸ್ ವೈರು ಅದೇ ಪೈಪಿನಲ್ಲಿ ಹೋಗಿತ್ತು, ನೀಲಿಯದು ಅದರಿಂದ ಬಂದ ಎರವಲು ಬೆಳಕು. ಬೆಳಕು ಇದೆಯೇ ಇಲ್ಲವೇ ಎಂದು ನೋಡಿದರೆ ಮೋಸ ಹೋಗುತ್ತೇವೆ. ಆ ತುದಿಯ ಸ್ವಿಚ್ ಬದಲಿಸಿದಾಗ ಈ ತುದಿಯಲ್ಲಿ ಏನಾದರೂ ಬದಲಾಯಿತೇ ಎಂದು ನೋಡಬೇಕು.

ಆಮೇಲೆ ಚೀಲದಿಂದ ಟೆಸ್ಟ್ ಲ್ಯಾಂಪ್ ತೆಗೆದ. ಒಂದು ಹೋಲ್ಡರ್, ಎರಡು ವೈರು, ಹಳೇ ಕಾಲದ 40 ವ್ಯಾಟಿನ ತಂತಿ ಬಲ್ಬು. ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬಾರದು. ಎರವಲು ವೋಲ್ಟೇಜಿಗೂ ಮಿಣುಕಿ ಗೊಂದಲ ಮಾಡುತ್ತದೆ. ಒಂದು ವೈರನ್ನು ಬೋರ್ಡಿನ ನ್ಯೂಟ್ರಲ್‌ಗೆ ಹಿಡಿದು ಇನ್ನೊಂದನ್ನು ಹಳದಿಗೆ ತಾಗಿಸಿದ. ಹಾಲ್‌ನ ಸ್ವಿಚ್ ಕೆಳಕ್ಕೆ ಒತ್ತಿದಾಗ ಬಲ್ಬು ಝಗ್ಗೆಂದಿತು. ನೀಲಿಗೆ ತಾಗಿಸಿದಾಗ ಹಾಲ್‌ನ ಸ್ವಿಚ್ಚನ್ನು ಹೇಗೆ ಒತ್ತಿದರೂ ಬಲ್ಬು ತಣ್ಣಗೇ ಉಳಿಯಿತು. ನ್ಯೂಟ್ರಲ್ ಬದಲು ಅರ್ತ್ ವೈರಿಗೆ ಹಿಡಿದು ನೋಡುವ ಚಾಳಿ ಕೆಲವರಿಗಿದೆ. ಆರ್‌ಸಿಸಿಬಿ ಇರುವ ಮನೆಯಲ್ಲಿ ಹಾಗೆ ಮಾಡಿದರೆ ಮನೆಯ ಕರೆಂಟೇ ಟ್ರಿಪ್ ಆಗುತ್ತದೆ. 40 ವ್ಯಾಟ್ ಬಲ್ಬು ಎಳೆಯುವುದು ಸುಮಾರು 170 ಮಿಲಿಆಂಪಿಯರ್, ಮನೆಗಳ ಆರ್‌ಸಿಸಿಬಿ ಸಹಿಸುವುದು 30. ಕರೆಂಟ್ ಇಟ್ಟುಕೊಂಡು ಮಾಡುವ ಈ ಪರೀಕ್ಷೆ ಕಸುಬು ಗೊತ್ತಿದ್ದವರದು, ಮನೆಯವರ ಪ್ರಯೋಗಕ್ಕಲ್ಲ ಎಂಬುದನ್ನೂ ಹೇಳಿಬಿಡಬೇಕು.

ಮುಂದೆ ಹಾಲ್‌ನ ಬೋರ್ಡು. ಅಲ್ಲಿ ಸ್ವಿಚ್ಚನ್ನು ಮೇಲಕ್ಕೆ ಒತ್ತಿದಾಗ ನೀಲಿ ವೈರಿನ ಬುಡದಲ್ಲಿ ಟೆಸ್ಟ್ ಲ್ಯಾಂಪ್ ಚೆನ್ನಾಗಿಯೇ ಉರಿಯಿತು. ಅಲ್ಲಿಗೆ ಹಾಲ್‌ನ ಸ್ವಿಚ್ಚಿನ ಮೇಲಿದ್ದ ಅನುಮಾನವೂ ಹೋಯಿತು. ನೀಲಿ ವೈರಿಗೆ ಕೆಳಗೆ ಫೇಸ್ ಹತ್ತುತ್ತಿದೆ, ಮಹಡಿ ತಲುಪುತ್ತಿಲ್ಲ. ನಡುವೆ ಎಲ್ಲೋ ಕಳೆದುಹೋಗುತ್ತಿದೆ.

ಖಾತ್ರಿಗಾಗಿ ಮೇನ್ ಮತ್ತೆ ಆರಿಸಿ ಇನ್ನೊಂದು ಪರೀಕ್ಷೆ ಆಯಿತು. ಕರೆಂಟ್ ಇಲ್ಲದೆ ಮಾಡುವ ಈ ವಿಧಾನ ನಿಧಾನದ್ದು, ಆದರೆ ಇದರಲ್ಲಿ ಎರವಲು ವೋಲ್ಟೇಜಿನ ಆಟ ನಡೆಯುವುದಿಲ್ಲ. ಹಳದಿ, ನೀಲಿಗಳನ್ನು ಎರಡೂ ತುದಿಯಲ್ಲಿ ಸ್ವಿಚ್ಚಿನಿಂದ ಬಿಡಿಸಿ, ಹಾಲ್‌ನ ತುದಿಯಲ್ಲಿ ಅವೆರಡನ್ನೂ ಒಟ್ಟಿಗೆ ತಿರುಚಿದ. ಮಹಡಿಯ ತುದಿಯಲ್ಲಿ ಮೀಟರ್ ಹಿಡಿದರೆ ಬೀಪ್ ಬರಬೇಕು, ಯಾಕೆಂದರೆ ಹಳದಿಯಲ್ಲಿ ಇಳಿದು ನೀಲಿಯಲ್ಲಿ ಹತ್ತಿ ಬರುವ ಪೂರ್ತಿ ಸುತ್ತು ಅದು. ಬೀಪ್ ಬರಲಿಲ್ಲ. ಎರಡರಲ್ಲಿ ಯಾವುದು ಕಡಿದಿದೆ ಎಂದು ತಿಳಿಯಲು ಮೂರನೆಯದೊಂದು ದಾರಿ ಬೇಕು. ಅದಕ್ಕೇ ಆ ಉದ್ದದ ಬಿಡಿ ವೈರನ್ನು ಮೆಟ್ಟಿಲುಗುಂಟ ಕೆಳಗೆ ಇಳಿಬಿಟ್ಟು ಒಂದೊಂದೇ ವೈರಿಗೆ ಕೂಡಿಸಿ ನೋಡಿದ. ಹಳದಿ ಬೀಪ್ ಎಂದಿತು, ನೀಲಿ ಇಲ್ಲ.

ಗೋಡೆ ಒಡೆಯಬೇಕೇ ಎಂದು ಮೇಷ್ಟ್ರು ಹೊಸ ಪೇಂಟನ್ನು ನೋಡುತ್ತಾ ಕೇಳಿದರು. ಅದು ಬೇಕಾಗುವುದು ಬಹಳ ಕಡಿಮೆ. ಪೈಪಿನೊಳಗೆ ಸುಮ್ಮನೆ ಮಲಗಿರುವ ತಾಮ್ರದ ವೈರು ತಾನಾಗಿ ನಡುವೆ ಕಡಿಯುವುದು ಅಪರೂಪ. ಡ್ರಿಲ್ಲು, ಮೊಳೆ, ಇಲಿಯ ಹಲ್ಲು ಇಂಥದ್ದೊಂದು ತಾಗಿರಬೇಕು, ಇಲ್ಲವೇ ತೀರ ಹಳೇ ಮನೆಯ ಅಲ್ಯೂಮಿನಿಯಂ ವೈರಾಗಿರಬೇಕು. ಕಡಿತ ಇರುವುದು ಹೆಚ್ಚಾಗಿ ಮನುಷ್ಯರ ಕೈ ಆಡಿದ ಜಾಗದಲ್ಲಿ: ಸ್ಕ್ರೂ ಬಿಗಿದ ಕಡೆ, ಸಿಪ್ಪೆ ಸುಲಿಯುವಾಗ ಬ್ಲೇಡ್ ತಾಗಿದ ಕಡೆ, ಎರಡು ವೈರು ತಿರುಚಿ ಟೇಪ್ ಸುತ್ತಿದ ಕಡೆ. ಎರಡೂ ಬೋರ್ಡಿನ ಸ್ಕ್ರೂಗಳನ್ನು ನೋಡಿಯಾಗಿತ್ತು. ಹಾಗಾಗಿ ದಾರಿಯಲ್ಲಿ ಎಲ್ಲಿ ಜಾಯಿಂಟ್ ಇದೆ ಎಂದು ಹುಡುಕಬೇಕು.

ಮೆಟ್ಟಿಲು ತಿರುಗುವ ಲ್ಯಾಂಡಿಂಗ್‌ನಲ್ಲಿ ಪೈಪೂ ತಿರುಗಲೇಬೇಕು, ತಿರುವಿನಲ್ಲಿ ಸಾಮಾನ್ಯವಾಗಿ ಒಂದು ಜಂಕ್ಷನ್ ಬಾಕ್ಸ್ ಇರುತ್ತದೆ. ಇಲ್ಲಿ ಪೇಂಟರ್ ಅದರ ಮುಚ್ಚಳದ ಮೇಲೆಯೇ ಪುಟ್ಟಿ ಹಚ್ಚಿ ನುಣ್ಣಗೆ ಮಾಡಿದ್ದ. ಹುಡುಗ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋದ. ಒಂದು ಕಡೆ ದನಿ ಪೊಳ್ಳಾಗಿ ಬಂತು. ಸುತ್ತ ಬ್ಲೇಡ್ ಆಡಿಸಿ ಮುಚ್ಚಳ ತೆಗೆದ. ಹಳದಿ ವೈರು ಒಂದೇ ಎಳೆಯಾಗಿ ಆಚೆಯಿಂದ ಈಚೆಗೆ ಹಾದುಹೋಗಿತ್ತು. ನೀಲಿ ಸಾಲದೆ ಬಂದಿತ್ತೇನೋ, ಅಲ್ಲೊಂದು ಜಾಯಿಂಟ್. ಟೇಪಿನ ಅಂಟು ಕರಗಿ ಜಿಗುಟು ಮಸಿಯಾಗಿತ್ತು. ಬೆರಳಲ್ಲಿ ಹಿಡಿದೊಡನೆ ಟೇಪಿನ ಸುರುಳಿ ಒಂದು ಬದಿಯ ವೈರಿನಿಂದ ಸಲೀಸಾಗಿ ಜಾರಿತು. ಒಳಗೆ ತಾಮ್ರದ ಎಳೆಗಳು ಹೊಳಪಿಲ್ಲದೆ ಕಪ್ಪಿಟ್ಟಿದ್ದವು.

ಆ ಕಪ್ಪು ಹೊಸದಲ್ಲ. ಸಡಿಲವಾದ ಜಾಯಿಂಟಿನಲ್ಲಿ ಕರೆಂಟು ಪ್ರತಿ ಸಲವೂ ಸಣ್ಣ ಕಿಡಿಯಾಗಿ ಹಾರಿ ದಾಟಬೇಕು. ಒಂದೊಂದು ಕಿಡಿಯೂ ತಾಮ್ರವನ್ನು ಸ್ವಲ್ಪ ಸುಟ್ಟು, ಸ್ವಲ್ಪ ಕಪ್ಪು ಮಾಡಿ, ಜಾಯಿಂಟನ್ನು ಇನ್ನಷ್ಟು ಕೆಡಿಸುತ್ತದೆ. ಆಗ ಮೇಷ್ಟ್ರ ಮನೆಯವರಿಗೆ ನೆನಪಾಯಿತು: ಪೇಂಟಿಂಗಿಗೂ ಮುಂಚಿನಿಂದ ಆ ಲೈಟು ಆಗಾಗ ಕಣ್ಣು ಮಿಟುಕಿಸುತ್ತಿತ್ತು, ಮಹಡಿಯಿಂದ ಹಾಕಿದಾಗ ಮಿಟುಕಿದರೆ ಕೆಳಗೆ ಬಂದು ಹಾಕಿದಾಗ ಸರಿಯಿರುತ್ತಿತ್ತು. “ಬಲ್ಬೇ ಸರಿಯಿಲ್ಲ ಅಂತ ಎರಡು ಸಲ ಬದಲಾಯ್ಸಿದ್ವಪ್ಪಾ” ಎಂದರು. ಲೈಟು ಹತ್ತುವ ಎರಡು ಜೋಡಿಗಳಲ್ಲಿ ಒಂದರಲ್ಲಿ ಮಾತ್ರ ಮಿಟುಕುತ್ತಿದ್ದರೆ ಬಲ್ಬನ್ನು ದೂರುವಂತಿಲ್ಲ, ಬಲ್ಬು ಎರಡಕ್ಕೂ ಒಂದೇ ಅಲ್ಲವೇ. ಒಂದು ಟ್ರಾವೆಲರ್ ಸಡಿಲವಾಗುತ್ತಿದೆ ಎಂಬ ಮುನ್ಸೂಚನೆ ಅದು. ಹೀಗೆ ಕುಟುಕುಜೀವ ಹಿಡಿದುಕೊಂಡಿದ್ದ ಜಾಯಿಂಟು, ಹೊಸ ಸ್ವಿಚ್ ಹಾಕುವವರು ಮಹಡಿಯ ಬೋರ್ಡಿನಿಂದ ವೈರನ್ನು ಒಂದೆರಡು ಇಂಚು ಹೊರಗೆಳೆದ ಜಗ್ಗಿಗೆ ಕಳಚಿಕೊಂಡಿತ್ತು. ಎಡವಟ್ಟು ಸ್ವಿಚ್ಚಿನಲ್ಲಿರಲಿಲ್ಲ, ಸ್ವಿಚ್ ಹಾಕುವ ಎಳೆದಾಟದಲ್ಲಿತ್ತು. ಅದಕ್ಕೂ ಹಿಂದೆ ಮನೆ ಕಟ್ಟುವಾಗ ನಾಲ್ಕು ಮೀಟರ್ ವೈರು ಉಳಿಸಿದವರ ಪಾಲೂ ಇತ್ತು.

ಜಾಯಿಂಟನ್ನು ಕತ್ತರಿಸಿ ಹೊಳೆಯುವ ತಾಮ್ರ ಸಿಗುವವರೆಗೆ ಸುಲಿದು, ಸ್ಕ್ರೂ ಕನೆಕ್ಟರ್‌ನಲ್ಲಿ ಬಿಗಿದರೂ ಕೆಲಸ ನಡೆಯುತ್ತಿತ್ತು. ಹುಡುಗ ಅದಕ್ಕೆ ಒಪ್ಪಲಿಲ್ಲ, ಹೊಸ ವೈರು ಎಳೆಯುವುದೇ ಸರಿ ಎಂದ. ನನಗೂ ಅದೇ ಸರಿ ಎನಿಸಿತು, ಪುಟ್ಟಿಯ ಕೆಳಗೆ ಹುದುಗಿಹೋಗುವ ಡಬ್ಬಿಯಲ್ಲಿ ಜಾಯಿಂಟ್ ಇಡುವುದೆಂದರೆ ಮುಂದಿನ ತೊಂದರೆಯನ್ನು ಈಗಲೇ ಬಿತ್ತಿದಂತೆ. ಹಳೇ ನೀಲಿಯ ಮೇಲಿನ ತುಂಡಿಗೆ ಹೊಸ 1.5 ಚದರ ಮಿಲಿಮೀಟರ್ ವೈರು ಕಟ್ಟಿ, ಮಹಡಿಯ ಕಡೆಯಿಂದ ಎಳೆದು ಒಂದು ಭಾಗ ತಂದ. ಸುರುಳಿಯ ಇನ್ನೊಂದು ತುದಿಯನ್ನು ಕೆಳತುಂಡಿಗೆ ಕಟ್ಟಿ ಹಾಲ್‌ನ ಕಡೆ ಎಳೆಸಿದ. ಬೋರ್ಡಿನಿಂದ ಬೋರ್ಡಿಗೆ ಒಂದೇ ಎಳೆ. 9 ವ್ಯಾಟ್ ಎಲ್‌ಇಡಿಗೆ ಬೇಕಾದ ಕರೆಂಟಿಗೆ ಇಷ್ಟು ದಪ್ಪದ ವೈರು ಬೇಕಾಗಿಲ್ಲ, ಎಳೆತ ತಡೆಯಲು ಮತ್ತು ಸ್ಕ್ರೂ ಕೆಳಗೆ ಗಟ್ಟಿಯಾಗಿ ಕೂರಲು ಬೇಕು. ಎಲ್ಲ ಕೂಡಿಸಿ ಕರೆಂಟ್ ಹಾಕಿದ ಮೇಲೆ ಮತ್ತೆ ಅದೇ ನಾಲ್ಕು ಜೋಡಿಯ ಪರೀಕ್ಷೆ: ಎರಡರಲ್ಲಿ ಹತ್ತಿತು, ಎರಡರಲ್ಲಿ ಆರಿತು.

ಎಲ್ಲ ಮನೆಯಲ್ಲೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಕೆಲವು ಹಳೇ ಮನೆಗಳಲ್ಲಿ ಬೋರ್ಡ್ ಬಿಚ್ಚಿದರೆ ಒಂದೇ ಟೂ ವೇ ಸ್ವಿಚ್ಚಿನ ಒಂದು ಪಕ್ಕದಲ್ಲಿ ಫೇಸ್, ಇನ್ನೊಂದು ಪಕ್ಕದಲ್ಲಿ ನ್ಯೂಟ್ರಲ್ ಕಾಣಿಸುತ್ತದೆ, ಎರಡು ಸ್ವಿಚ್ಚುಗಳ ಕಾಮನ್ ನಡುವೆ ಬಲ್ಬು. ಎರಡು ಅಂತಸ್ತಿನಲ್ಲೂ ಹೇಗೂ ಇರುವ ಲೈನನ್ನು ಬಳಸಿ ವೈರು ಉಳಿಸುವ ಉಪಾಯ ಇದು. ಲೈಟು ಹತ್ತುತ್ತದೆ, ಆರುತ್ತದೆ, ಆದರೆ ಆರಿದಾಗ ಹೋಲ್ಡರಿನ ಎರಡೂ ಪಿನ್ನಿನಲ್ಲಿ ಫೇಸ್ ಇರಬಹುದು. ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದವರಿಗೆ ಅದು ಗೊತ್ತಿರುವುದಿಲ್ಲ. ಮನೆಗೆ ಮೂರು ಫೇಸಿನ ಕನೆಕ್ಷನ್ ಇದ್ದು, ಮೇಲೊಂದು ಕೆಳಗೊಂದು ಬೇರೆ ಬೇರೆ ಫೇಸ್ ಬಂದಿದ್ದರೆ ಇನ್ನೂ ಕಷ್ಟ, ಬಲ್ಬಿನ ಮೇಲೆ 400 ವೋಲ್ಟ್ ಬೀಳುತ್ತದೆ. ಇಂಥ ಜೋಡಣೆ ಕಂಡರೆ ದೋಷ ಹುಡುಕುತ್ತಾ ಕೂರದೆ ಇಡೀ ವೈರಿಂಗನ್ನೇ ಬದಲಿಸಬೇಕು.

ಇನ್ನು ಪೈಪೇ ಕಟ್ಟಿಕೊಂಡಿರುವ ಮನೆಗಳು. ಸಿಮೆಂಟ್ ಹೊಕ್ಕು ಗಟ್ಟಿಯಾಗಿರುತ್ತದೆ, ಹಳೇ ವೈರು ಜಗ್ಗಿದರೆ ಬರುವುದಿಲ್ಲ, ಸ್ಪ್ರಿಂಗ್ ತೂರಿಸಿದರೆ ಹೋಗುವುದಿಲ್ಲ. ಅಂಥ ಕಡೆ ‘ಹೇಗೂ ಹಸಿರು ವೈರು ಇದೆಯಲ್ಲ, ಅದನ್ನೇ ಟ್ರಾವೆಲರ್ ಮಾಡೋಣ’ ಎಂಬ ಸಲಹೆ ಬಂದೇ ಬರುತ್ತದೆ. ಮಾಡಿದರೆ ಮೆಟ್ಟಿಲ ಲೈಟು ಸರಿಹೋಗುತ್ತದೆ, ಆದರೆ ಮಹಡಿಯ ಪ್ಲಗ್ ಪಾಯಿಂಟುಗಳ ಅರ್ತ್ ಹೋಗುತ್ತದೆ. ಮುಂದೆ ಬರುವ ಎಲೆಕ್ಟ್ರಿಷಿಯನ್ ಹಸಿರು ವೈರನ್ನು ಅರ್ತ್ ಎಂದುಕೊಂಡು ಮುಟ್ಟುತ್ತಾನೆ ಅಥವಾ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿಗೆ ಕೂಡಿಸುತ್ತಾನೆ. ಅದರ ಬದಲು ಮೆಟ್ಟಿಲ ಪಕ್ಕದ ಗೋಡೆಯಂಚಿನಲ್ಲಿ ಪ್ಲಾಸ್ಟಿಕ್ ಪಟ್ಟಿಯ ಕೇಸಿಂಗ್ ಓಡಿಸಿ ಒಂದು ವೈರು ತರಬಹುದು. ಅದು ಕಣ್ಣಿಗೆ ಚೆನ್ನಾಗಿ ಕಾಣದು ಎನ್ನುವವರು ಟೂ ವೇ ಆಸೆ ಬಿಟ್ಟು, ಸರಿಯಿರುವ ಒಂದು ಟ್ರಾವೆಲರನ್ನು ಮಹಡಿಯ ಡಬ್ಬಿಯಲ್ಲಿ ಬಲ್ಬಿನ ವೈರಿಗೆ ನೇರವಾಗಿ ಕನೆಕ್ಟರ್‌ನಲ್ಲಿ ಕೂಡಿಸಿ, ಹೋಲ್ಡರಿನಲ್ಲಿ ಜನ ಓಡಾಡಿದಾಗ ತಾನೇ ಹತ್ತುವ ಸೆನ್ಸರ್ ಬಲ್ಬ್ ಹಾಕಿಕೊಳ್ಳಬಹುದು. ಕೆಟ್ಟ ಟ್ರಾವೆಲರನ್ನು ಮಾತ್ರ ಎರಡೂ ತುದಿಯಲ್ಲಿ ಸ್ವಿಚ್ಚಿನಿಂದ ಬಿಡಿಸಿ, ತುದಿಗಳಿಗೆ ಟೇಪ್ ಸುತ್ತಿಯೇ ಒಳಗೆ ತಳ್ಳಬೇಕು. ಹಾಲ್‌ನ ಸ್ವಿಚ್ಚಿನಲ್ಲಿ ಅದು ಹಾಗೇ ಉಳಿದರೆ, ಲೈಟು ಆರಿದಾಗಲೆಲ್ಲ ಗೋಡೆಯೊಳಗಿನ ಆ ಕಡಿದ ತುದಿಗೆ ಫೇಸ್ ಹೋಗುತ್ತಲೇ ಇರುತ್ತದೆ.